ಚುಕ್ಕಿ ಮೇಡಂ ಹೇಳಬೇಕಾಗಿದ್ದ ಸೋಲು

ಚುಕ್ಕಿ ಮೇಡಂ ಎಂಬುದು ಆಕೆಯ ಹೆಸರಲ್ಲ, ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಸಹೋದ್ಯೋಗಿಗಳು ಗೇಲಿಗೆಂದು ಅಂಟಿಸಿದ ಅಡ್ಡಹೆಸರು. ಗೇಲಿ ಹಳೆಯದಾದ ಮೇಲೂ ಹೆಸರು ಉಳಿದುಕೊಂಡಿತು. ಈಚೀಚೆಗೆ ಆಕೆ ಅದಕ್ಕೆ ತಿರುಗಿ ನೋಡುವುದನ್ನೂ ರೂಢಿಸಿಕೊಂಡಿದ್ದಳು. ಹೊಸದಾಗಿ ಸೇರಿದವರ ಕೈ ನಡುಗುವುದನ್ನು ಕಂಡು ನಗುವಷ್ಟು ಅನುಭವ ಆಕೆಗಿತ್ತು, ಆದರೆ ಅವರನ್ನು ತಿದ್ದುವ ಅಧಿಕಾರವಿರಲಿಲ್ಲ. ಬಡ್ತಿಯ ಏಣಿಯ ನಡುವಿನ ಮೆಟ್ಟಿಲಿನಲ್ಲಿ ನಿಂತವರ ಪಾಡೇ ಅಂಥದ್ದು. ಕೆಳಗಿನವರು ಇವರನ್ನು ದೊಡ್ಡವರೆಂದು ತಿಳಿಯುತ್ತಾರೆ, ಮೇಲಿನವರು ತಿಳಿಯುವುದಿಲ್ಲ.

ಪಟ್ಟಣದ ಇನ್ನೊಂದು ತುದಿಯ ದೊಡ್ಡ ಪ್ರಯೋಗಾಲಯದಲ್ಲಿ ವಿಭಾಗದ ಸೂಪರ್‌ವೈಸರ್ ಹುದ್ದೆ ತೆರವಾಗಲಿದೆ ಎಂದು ತಿಳಿದಾಗ ಆಕೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆಯೂ ಬಂತು. ಆ ಹುದ್ದೆ ಸಿಕ್ಕರೆ ಪಾಳಿಯ ತಿರುಗಾಟ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಗೆ ಕೆಲಸ ನಡೆಯಬೇಕು ಎಂಬುದರ ಬಗ್ಗೆ ಇಷ್ಟು ಕಾಲ ಮನಸ್ಸಿನಲ್ಲೇ ಗೊಣಗಿಕೊಂಡು ಬಂದದ್ದನ್ನು ಒಮ್ಮೆ ಮಾಡಿ ತೋರಿಸುವ ಅವಕಾಶ ಸಿಗುತ್ತಿತ್ತು. ಸಿಗದಿದ್ದರೆ ಆಕೆಯ ವಯಸ್ಸಿಗೆ ಇನ್ನೊಂದು ಕರೆ ಬರುವುದು ಅನುಮಾನ. ಇದು ಮನೆಯವರಿಗೆಲ್ಲ ಗೊತ್ತಿತ್ತು, ಆದ್ದರಿಂದಲೇ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಆಡಿದವಳು ನಾದಿನಿ ಒಬ್ಬಳೇ. ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ಅಭ್ಯರ್ಥಿಗಳನ್ನು ಎದುರು ಕೂರಿಸಿಕೊಂಡು ಹೇಗೆ ಉತ್ತರಿಸಬೇಕೆಂದು ತಿದ್ದಿ ಕಳಿಸುವುದು ಅವಳ ದಿನಚರಿ. ರಜೆಯ ದಿನ ಮಧ್ಯಾಹ್ನ ಅಣ್ಣನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ವಿಷಯಕ್ಕೆ ಬಂದಳು. ಕೆಲಸದಲ್ಲಿ ಸೋತ ಒಂದು ಪ್ರಸಂಗ ಹೇಳಿ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರಂತೆ. ಓದು ಮುಗಿಸಿ ಬಂದ ಎಳೆಯರಾದರೆ ಪರೀಕ್ಷೆಯಲ್ಲಿ ಫೇಲಾದ ಕಥೆ ಹೇಳಿಯೂ ಪಾರಾಗಬಹುದು. ನಡುವಿನ ಹಂತದವರಿಗೆ ಆ ರಿಯಾಯಿತಿಯಿಲ್ಲ, ಏಕೆಂದರೆ ನಾಳೆ ಇವರ ಕೈಕೆಳಗೆ ನಾಲ್ಕು ಜನ ಬರುತ್ತಾರೆ. ಎಡವಟ್ಟಾದಾಗ ಇವರ ಬೆರಳು ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಈ ಒಂದು ಪ್ರಶ್ನೆಯಲ್ಲೇ ಅಳೆಯುತ್ತಾರೆ ಎಂದಳು.

ಹೇಳಲು ಒಂದು ಸೋಲಂತೂ ಇತ್ತು. ಹುಡುಕುವ ಕಷ್ಟವಿರಲಿಲ್ಲ.

ಪ್ರಯೋಗಾಲಯದ ಯಂತ್ರಕ್ಕೆ ಪ್ರತಿದಿನ ಬೆಳಿಗ್ಗೆ, ರೋಗಿಗಳ ರಕ್ತ ಕೊಡುವ ಮೊದಲು, ಮೌಲ್ಯ ಮೊದಲೇ ಗೊತ್ತಿರುವ ಒಂದು ದ್ರವವನ್ನು ಕೊಟ್ಟು ನೋಡುತ್ತಾರೆ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಯಂತ್ರ ಹೇಳಿದ ಅಂಕಿಯನ್ನು ಚಾರ್ಟಿನಲ್ಲಿ ಒಂದು ಚುಕ್ಕಿಯಾಗಿ ಇಡಬೇಕು. ನಡುವೆ ಒಂದು ಗೆರೆ, ಅದರ ಮೇಲೆ ಕೆಳಗೆ ಮಿತಿಯ ಗೆರೆಗಳು. ಚುಕ್ಕಿ ಮಿತಿಯ ಒಳಗಿದ್ದರೆ ಆ ದಿನದ ಕೆಲಸ ಶುರು. ಆದರೆ ಮಿತಿಯೊಳಗೆ ಇದ್ದ ಮಾತ್ರಕ್ಕೆ ಎಲ್ಲ ಸರಿಯೆಂದಲ್ಲ. ಆರೋಗ್ಯವಾಗಿರುವ ಯಂತ್ರದ ಚುಕ್ಕಿಗಳು ನಡುಗೆರೆಯ ಎರಡೂ ಬದಿಗೆ ಚೆಲ್ಲಾಡಿರಬೇಕು. ದಿನವೂ ಒಂದೇ ಬದಿಗೆ ಬೀಳತೊಡಗಿದರೆ, ಪ್ರತಿಯೊಂದೂ ಮಿತಿಯೊಳಗಿದ್ದರೂ, ಯಂತ್ರ ಒಂದು ಕಡೆಗೆ ವಾಲಿದೆ ಎಂದೇ ಅರ್ಥ. ನಾಣ್ಯ ಚಿಮ್ಮಿದಾಗಲೆಲ್ಲ ಒಂದೇ ಮುಖ ಬಿದ್ದರೆ ನಾಣ್ಯದ ಮೇಲೆ ಅನುಮಾನ ಬರುವುದಿಲ್ಲವೇ, ಹಾಗೆ.

ಕ್ಯಾಲ್ಸಿಯಂ ಪರೀಕ್ಷೆಯಲ್ಲಿ ಹೀಗೇ ಆಗಿತ್ತು. ರಾತ್ರಿ ಪಾಳಿಯಲ್ಲಿ ರಾಸಾಯನಿಕದ ಹೊಸ ಪೆಟ್ಟಿಗೆ ತೆಗೆದಿದ್ದರು. ಬೇರೆ ತಯಾರಿಯ ಪೆಟ್ಟಿಗೆ ತೆಗೆದಾಗ ಒಂದಷ್ಟು ರೋಗಿಗಳ ರಕ್ತವನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ ಹೋಲಿಸಿ ನೋಡಬೇಕು, ನೋಡಿರಲಿಲ್ಲ. ಚುಕ್ಕಿಗಳು ನಡುಗೆರೆಯ ಮೇಲಕ್ಕೆ ಜರುಗಿ ಅಲ್ಲಿಯೇ ಬೀಡುಬಿಟ್ಟವು. ಯಾವುದೂ ಮಿತಿ ದಾಟಲಿಲ್ಲ. ವರದಿಗಳು ಹೋಗುತ್ತಲೇ ಇದ್ದವು. ಕೊನೆಗೆ ಒಬ್ಬ ವೈದ್ಯರು ಫೋನು ಮಾಡಿ, ತಮ್ಮ ಅಷ್ಟೂ ರೋಗಿಗಳಿಗೆ ಒಮ್ಮೆಲೇ ಕ್ಯಾಲ್ಸಿಯಂ ಹೆಚ್ಚಾಗುವ ಕಾಯಿಲೆ ಯಾವಾಗ ಬಂತು ಎಂದು ಕೇಳಿದರು. ಆಗ ಬಯಲಾಯಿತು. ಜನರನ್ನು ಮತ್ತೆ ಕರೆಸಿ ರಕ್ತ ತೆಗೆಯಬೇಕಾಯಿತು. ಮುದುಕಿಯೊಬ್ಬರು ತಿನ್ನಬೇಕಿದ್ದ ಮಾತ್ರೆ ನಿಲ್ಲಿಸಿ, ಬೇಡದ ಸ್ಕ್ಯಾನಿಗೆ ಹೋಗಿ ಬಂದಿದ್ದರು. ಆ ದಿನಗಳಲ್ಲಿ ಆ ವಿಭಾಗದ ಹಗಲು ಪಾಳಿಯ ಹಿರಿಯ ಟೆಕ್ನಿಷಿಯನ್ ಈಕೆಯೇ.

ಊಟದ ಮೇಜಿನ ಮುಂದೆ ಆಕೆ ಇದನ್ನು ನಾದಿನಿಗೆ ಹೇಳಿದಳು. ರಾತ್ರಿಯವನು ಹೋಲಿಸದೆ ಪೆಟ್ಟಿಗೆ ತೆಗೆದ, ಯಂತ್ರದ ಕಂಪನಿಯ ಎಂಜಿನಿಯರು ಬಂದು ಎಲ್ಲ ಸರಿಯಿದೆ ಎಂದ, ಕಂಪ್ಯೂಟರು ದಿನವೂ ಹಸಿರು ಗುರುತು ತೋರಿಸುತ್ತಿತ್ತು, ಇನ್‌ಚಾರ್ಜ್ ಚಾರ್ಟಿನ ಮುಖವನ್ನೇ ನೋಡುತ್ತಿರಲಿಲ್ಲ, ಎಂಬ ಕ್ರಮದಲ್ಲಿ ಹೇಳಿದಳು. ಪ್ರತಿ ಮಾತೂ ನಿಜ. ನಾದಿನಿ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಏನನ್ನೋ ಎಣಿಸುತ್ತಿದ್ದಳು.

"ಅತ್ತಿಗೆ, ಇಷ್ಟು ಹೊತ್ತು ಹೇಳಿದ್ರಲ್ಲ, ನೀವೆಲ್ಲಿದ್ರಿ ಆಗ?"

"ಅಲ್ಲೇ ಇದ್ದೆ."

"ಕಥೆಯಲ್ಲಿ ಕಾಣಿಸ್ಲಿಲ್ಲ, ಅದಕ್ಕೆ ಕೇಳಿದೆ."

ಶಾಲಾ ಬಸ್ಸು ಓಡಿಸುವ ಗಂಡ ಇಲ್ಲಿ ಬಾಯಿ ಹಾಕಿದ. ಹೋದ ವರ್ಷ ನನ್ನ ಬಸ್ಸು ಶಾಲೆಯ ಗೇಟಿಗೆ ಉಜ್ಜಿದಾಗ ಗೇಟೇ ಬಂದು ಬಸ್ಸಿಗೆ ತಾಗಿತೆಂದು ಬರೆದುಕೊಟ್ಟಿದ್ದೆ, ಅವರು ಒಪ್ಪಿದರು, ಇದರಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳುವುದೇನಿದೆ ಎಂದ. ತಪ್ಪು ಯಾರದಾದರೂ ಇರಲಿ, ಮೊದಲು ಊಟ ಮಾಡಿ, ಆರಿ ಹೋಗುತ್ತಿದೆ ಎಂದು ಅತ್ತೆ ಗದರಿದರು. ನಾದಿನಿ ಅಣ್ಣನನ್ನು ಬಿಟ್ಟು ಅತ್ತಿಗೆಗೆ ನಿಯಮ ಹೇಳಿಕೊಟ್ಟಳು. 'ಅವರು' ಎಂಬ ಮಾತು ಬಂದಲ್ಲೆಲ್ಲ 'ನಾನು' ಎಂದು ಹಾಕಬೇಕು.

ಆಕೆ ಹಾಕಿ ನೋಡಿದಳು. ನಾನು ಪೆಟ್ಟಿಗೆ ತೆಗೆದೆ, ನಾನು ಹೋಲಿಸಲಿಲ್ಲ ಎಂದಾಯಿತು. ಅದು ಶುದ್ಧ ಸುಳ್ಳು. ಪೆಟ್ಟಿಗೆ ತೆಗೆದಾಗ ಆಕೆ ಮನೆಯಲ್ಲಿ ಮಲಗಿದ್ದಳು. ಹಾಗಲ್ಲ, ಇಡೀ ಘಟನೆಯ ಹೊಣೆಯನ್ನು ಹೊತ್ತುಕೊಳ್ಳಿ ಎಂದಳು ನಾದಿನಿ. ಆಕೆ ಹೊತ್ತುಕೊಂಡಳು. ನನ್ನ ನಿರ್ಲಕ್ಷ್ಯ, ನನ್ನ ಅಯೋಗ್ಯತನ, ಆ ಮುದುಕಿಗೆ ನಾನು ಮಾಡಿದ ಅನ್ಯಾಯ ಎಂದೆಲ್ಲ ಹೇಳುತ್ತ ಅತ್ತೇಬಿಟ್ಟಳು. ಇಷ್ಟು ಅಯೋಗ್ಯಳಾದವಳನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಇದೂ ಆಗದು ಎಂದು ನಾದಿನಿ ತಲೆಯಾಡಿಸಿದಳು. ತಪ್ಪನ್ನು ಒಪ್ಪಿಕೊಳ್ಳಬೇಕು, ಆದರೆ ಅತಿಯಾಗಬಾರದು. ಕಾರಣ ಹೇಳಬೇಕು, ಆದರೆ ನೆಪವಾಗಬಾರದು. ಕಲಿತೆ ಎನ್ನಬೇಕು, ಆದರೆ ಉಪದೇಶವಾಗಬಾರದು. ಇದನ್ನು ಹೇಳಿ ನಾದಿನಿ ಮನೆಗೆ ಹೋದಳು.

ಮರುದಿನ ಬಸ್ಸಿನ ಕಿಟಕಿಗೆ ತಲೆಯಾನಿಸಿ ಆಕೆ ಯೋಚಿಸಿದಷ್ಟೂ ಗೋಜಲಾಯಿತು. ಕೆಲಸದಲ್ಲಿ ಆಕೆ ಕಲಿತದ್ದು ಕಾರಣ ಹುಡುಕುವುದನ್ನು. ಅಂಕಿ ತಪ್ಪಾದರೆ ದ್ರವ, ಪೆಟ್ಟಿಗೆ, ಉಷ್ಣಾಂಶ, ಸೂಜಿ ಎಂದು ಒಂದೊಂದನ್ನೇ ಬಿಡಿಸಿ ನೋಡಬೇಕು. ಅಲ್ಲಿ ಸೂಜಿಯನ್ನು ಯಾರೂ ದೂರಿದಂತಾಗುವುದಿಲ್ಲ. ಆದರೆ ಕಾರಣಗಳ ಸಾಲಿನಲ್ಲಿ ಒಬ್ಬ ಮನುಷ್ಯ ಬಂದ ಕ್ಷಣವೇ ಅದೇ ವಾಕ್ಯ ದೂರಾಗಿಬಿಡುತ್ತದೆ. ರಾತ್ರಿಯವನು ಹೋಲಿಸಲಿಲ್ಲ ಎಂಬುದು ಅಳತೆಯೋ, ಆರೋಪವೋ? ಹೇಳುವ ದನಿಯಲ್ಲಿ ವ್ಯತ್ಯಾಸವಿದೆಯೆಂದರೆ, ದನಿಯನ್ನು ಯಾವ ಯಂತ್ರಕ್ಕೆ ಕೊಟ್ಟು ಅಳೆಯುವುದು? ಹೋಗಲಿ, ಕಲಿತದ್ದಾದರೂ ಏನು? ಕಲಿತೆ ಎಂದು ಯಾರು ಬೇಕಾದರೂ ಹೇಳಬಹುದು. ಸಾಕ್ಷ್ಯವಿಲ್ಲದ ಮಾತನ್ನು ತಾನೇ ನಂಬದವಳು ಇತರರನ್ನು ನಂಬಿಸುವುದು ಹೇಗೆ?

ಬೆಳಗಿನ ಪಾಳಿ ಬದಲಾಗುವಾಗ ರಾತ್ರಿಯವನು ಸಿಕ್ಕಿದ. ವರ್ಷಗಟ್ಟಲೆ ರಾತ್ರಿ ಕೆಲಸವನ್ನೇ ಕೇಳಿ ಪಡೆಯುವವನಾದ್ದರಿಂದ ಅವನಿಗೆ ಗೂಬೆ ಎಂದು ಹೆಸರು. ಅವನೂ ಅದಕ್ಕೆ ಓಗೊಡುತ್ತಿದ್ದ. ಕೈಗವಸು ಕಳಚುತ್ತಿದ್ದವನಿಗೆ ಆಕೆ ಸಂದರ್ಶನದ ವಿಷಯ ಹೇಳಿ, ಕ್ಯಾಲ್ಸಿಯಂ ಪ್ರಕರಣ ಹೇಳೋಣವೆಂದಿದ್ದೇನೆ ಎಂದಳು. ಅವನು ಕಳಚಿದ ಕೈಗವಸನ್ನು ಬುಟ್ಟಿಗೆ ಹಾಕಿದ.

"ಹೇಳಿ ಮೇಡಂ. ಆದ್ರೆ ಒಂದಿನ ಬೆಳಿಗ್ಗೆ ನೀವೇ ಹೇಳಿದ್ರಿ ನಂಗೆ, ಕ್ಯಾಲ್ಸಿಯಂ ಯಾಕೋ ಮೇಲೇ ಕೂತಿದೆಯಲ್ಲ ಅಂತ. ನೆನಪಿದೆಯಾ?"

ನೆನಪಿರಲಿಲ್ಲ. ಅವನು ಹೇಳಿದ ಮೇಲೆ ನೆನಪಾಯಿತು, ಅಥವಾ ನೆನಪಾದಂತೆ ಅನ್ನಿಸಿತು. ಇವೆರಡರ ನಡುವೆ ಗೆರೆ ಎಳೆಯಲು ಆಕೆಯಿಂದಾಗಲಿಲ್ಲ. ಕೈಯಲ್ಲಿ ಚಾರ್ಟು, ಕಿಟಕಿಯ ಬೆಳಕು, ಮೇಲೇ ಕೂತಿದೆಯಲ್ಲ ಎಂಬ ಮಾತು, ಹೊರಗೆ ರಕ್ತದ ಕೊಳವೆಗಳ ಟ್ರೇ ಹಿಡಿದು ಕಾಯುತ್ತಿದ್ದ ಜನ. ಆಮೇಲೆ ತಾನೇ ಶುರು ಮಾಡಿ ಎಂದದ್ದು. ಹಾಗಾದರೆ ತಾನು ನೋಡಿರಲಿಲ್ಲ ಎಂದಲ್ಲ. ನೋಡಿ, ಬಿಟ್ಟಿದ್ದಳು. ಇಷ್ಟು ದಿನ ಎಷ್ಟು ಸಲ ಹೇಳಿಕೊಂಡರೂ ಈ ಸಂಗತಿ ಯಾವ ಪಾಠದಲ್ಲೂ ಬಂದಿರಲಿಲ್ಲ. ಅತ್ತು ಒಪ್ಪಿಕೊಂಡ ಪಾಠದಲ್ಲಿ ಕೂಡ.

ಸಂದರ್ಶನದ ಕೋಣೆಗೆ ಗಾಜಿನ ಗೋಡೆಯಿತ್ತು. ಮೇಜಿನಾಚೆ ಮೂವರು ಕೂತಿದ್ದರು: ಪ್ರಯೋಗಾಲಯದ ಮುಖ್ಯಸ್ಥೆಯಾದ ವೈದ್ಯೆ, ಸಿಬ್ಬಂದಿ ವಿಭಾಗದ ಅಧಿಕಾರಿ, ಮತ್ತು ನಿವೃತ್ತನಾಗಲಿದ್ದ ಹಳೆಯ ಸೂಪರ್‌ವೈಸರ್. ತೆರವಾಗುತ್ತಿದ್ದದ್ದು ಇವನ ಜಾಗವೇ. ಪ್ರಶ್ನೆ ಬಂತು. ಆಕೆ ಬಾಯಿಪಾಠದ ಮೊದಲ ವಾಕ್ಯ ಹೇಳಿದಳು. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮೂರು ಪಾಠಗಳೂ ಒಂದರೊಳಗೊಂದು ನುಗ್ಗಿ ಬಂದವು. ಪೆಟ್ಟಿಗೆ ರಾತ್ರಿ ತೆಗೆದರು, ಆದರೆ ಹೊಣೆ ನನ್ನದು, ಆದರೆ ಹಸಿರು ಗುರುತು ಇತ್ತು, ಆದರೆ ಅದು ನೆಪವಲ್ಲ. ಎಷ್ಟು 'ಆದರೆ'ಗಳಾದವು ಎಂದು ಆಕೆಗೇ ಲೆಕ್ಕ ತಪ್ಪಿತು. ಸಿಬ್ಬಂದಿ ಅಧಿಕಾರಿ ಪೆನ್ನು ಎತ್ತಿದವರು ಬರೆಯದೆ ಹಾಗೇ ಹಿಡಿದುಕೊಂಡಿದ್ದರು.

ಹಳೆಯ ಸೂಪರ್‌ವೈಸರ್ ಮುಂದಕ್ಕೆ ಬಾಗಿದ. ಅವನ ದನಿಯಲ್ಲಿ ಯಂತ್ರದ ಮುಂದೆ ನಿಂತು ಕೇಳುವವನ ಸಹಜತೆಯಿತ್ತು.

"ವೈದ್ಯರು ಫೋನ್ ಮಾಡೋ ಮುಂಚೆ, ಆ ಚಾರ್ಟ್ ನೀವು ನೋಡಿದ್ರಾ?"

"ನೋಡಿದ್ದೆ."

"ಏನನ್ನಿಸ್ತು?"

"ಮೇಲೇ ಕೂತಿದೆ ಅನ್ನಿಸ್ತು. ಮಿತಿ ಒಳಗಿದೆಯಲ್ಲ ಅಂತ ಬಿಟ್ಟೆ."

"ಯಾಕೆ ಬಿಟ್ರಿ?"

ಹೊರಗೆ ಜನ ಕಾಯುತ್ತಿದ್ದರು ಎಂದರೆ ನೆಪ. ನಿರ್ಲಕ್ಷ್ಯ ಎಂದರೆ ಅದೂ ಪೂರ್ತಿ ನಿಜವಲ್ಲ. ನಿಲ್ಲಿಸಿದರೆ ಮಧ್ಯಾಹ್ನದವರೆಗೆ ಕೆಲಸ ನಿಲ್ಲುತ್ತದೆ, ಎಲ್ಲ ಸರಿಯಾಗಿಯೇ ಇರಲಿ ಎಂದು ನಾನು ಬಯಸಿದ್ದೆ, ಬಯಸಿದ್ದರಿಂದ ಹಾಗೆಯೇ ಕಂಡಿತು ಎಂದು ಆಕೆ ನಿಧಾನವಾಗಿ ಹೇಳಿದಳು. ಪೆಟ್ಟಿಗೆ ತೆಗೆದವನು ಹೋಲಿಸಿ ನೋಡಿದ್ದರೆ ಈ ವಾಲುವಿಕೆ ಹುಟ್ಟುತ್ತಲೇ ಸಿಗುತ್ತಿತ್ತು, ಅದು ನಿಜ. ಅವನು ನೋಡದಿದ್ದರೂ ನನ್ನ ಕೈಯಲ್ಲಿ ಸಿಗಬೇಕಿತ್ತು, ಅದೂ ನಿಜ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ ಎಂದು ನನಗೆ ತೋರುತ್ತದೆ, ಆದರೆ ಎರಡನ್ನೂ ಒಂದೇ ಉಸಿರಿಗೆ ಹೇಳುವುದು ಹೇಗೆಂದು ಗೊತ್ತಾಗುತ್ತಿಲ್ಲ ಎಂದಳು.

ಆಮೇಲೆ ಏನು ಬದಲಾಯಿಸಿದಿರಿ ಎಂದು ವೈದ್ಯೆ ಕೇಳಿದರು. ಚಾರ್ಟಿನ ಬದಿಯಲ್ಲಿ ಸಹಿಯ ಅಂಕಣ ಮಾಡಿಸಿದೆ, ಎರಡನೆಯವರು ನೋಡಿ ಸಹಿ ಹಾಕಬೇಕೆಂದು. ಅದು ಕೆಲಸ ಮಾಡಿತೇ ಎಂದರು ವೈದ್ಯೆ. ಇಲ್ಲ. ತಿಂಗಳು ತುಂಬುವುದರೊಳಗೆ ಎಲ್ಲರೂ ವಾರದ ಸಹಿಯನ್ನು ಒಟ್ಟಿಗೆ ಹಾಕತೊಡಗಿದರು. ಒಮ್ಮೆ ನಾನೂ ಹಾಕಿದೆ. ಸಿಬ್ಬಂದಿ ಅಧಿಕಾರಿ ನಕ್ಕರು. ಅದು ಒಳ್ಳೆಯ ನಗುವೋ ಕೆಟ್ಟದ್ದೋ ಆಕೆಗೆ ತಿಳಿಯಲಿಲ್ಲ. ಸತತ ಆರು ಚುಕ್ಕಿ ಒಂದೇ ಬದಿಗೆ ಬಿದ್ದರೆ ವರದಿಗಳನ್ನು ತಡೆಹಿಡಿಯುವ ಏರ್ಪಾಡು ಯಂತ್ರದಲ್ಲೇ ಇತ್ತು, ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಎಂಜಿನಿಯರನ್ನು ಕರೆಸಿ ಮಾಡಿಸಿದೆ ಎಂದಳು.

"ಅದು ಯಾವತ್ತಾದ್ರೂ ತಡೆದಿದೆಯಾ?" ಎಂದ ಹಳೆಯ ಸೂಪರ್‌ವೈಸರ್.

ಇಲ್ಲಿ ಆಕೆ ತಡವರಿಸಿದಳು. ಇದನ್ನು ಹೇಳಬಾರದೆಂದೇ ತೀರ್ಮಾನಿಸಿದ್ದಳು. ಒಂದು ಸೋಲು ಕೇಳಿದವರಿಗೆ ಎರಡು ಕೊಡುವವರುಂಟೇ? ಆದರೆ ನೇರವಾಗಿ ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಒಂದು ಬಾರಿ ಸೋಡಿಯಂನಲ್ಲಿ ತಡೆಯಿತು ಎಂದಳು. ಇನ್‌ಚಾರ್ಜ್ ತಡೆ ತೆಗೆದುಬಿಡು ಎಂದರೂ ತೆಗೆಯದೆ, ಯಂತ್ರವನ್ನು ಮತ್ತೆ ಅಳತೆಗೆ ಹೊಂದಿಸಿ, ಹಿಂದಿನ ದಿನದ ಎತ್ತಿಟ್ಟ ರಕ್ತವನ್ನೂ ಮತ್ತೆ ಓಡಿಸಿ ನೋಡಿದ್ದಳು. ಏನೂ ಇರಲಿಲ್ಲ. ಬರೀ ಆಕಸ್ಮಿಕ. ಮರುದಿನದ ಚುಕ್ಕಿ ತಾನಾಗಿ ಗೆರೆಯ ಕೆಳಗೆ ಬಿತ್ತು. ಅಷ್ಟರಲ್ಲಿ ವರದಿಗಳು ಮಧ್ಯಾಹ್ನ ದಾಟಿದ್ದವು, ಶಸ್ತ್ರಚಿಕಿತ್ಸಕರು ಕೂಗಾಡಿದ್ದರು. "ಆವತ್ತಿಂದ ನನ್ನನ್ನ ಚುಕ್ಕಿ ಅಂತಾರೆ," ಎಂದಳು.

ಹಳೆಯ ಸೂಪರ್‌ವೈಸರ್ ವೈದ್ಯೆಯ ಕಡೆ ನೋಡಿದ. ಹಾಗಾದರೆ ಆ ಏರ್ಪಾಡನ್ನು ನಿಲ್ಲಿಸಿಬಿಟ್ಟಿರಾ ಎಂದು ವೈದ್ಯೆ ಕೇಳಿದರು. ಇಲ್ಲ, ಈಗಲೂ ಇದೆ ಎಂದಳು. ಒಂದೇ ಬದಿಗೆ ಬೀಳುವುದು ಸುಮ್ಮನೆಯೂ ಆಗಬಹುದು. ನಿಜವಾದದ್ದನ್ನು ಹಿಡಿಯುವ ಎಂಥ ಬಲೆಯೂ ಕೆಲವೊಮ್ಮೆ ಬರಿದಾಗಿ ಬರುತ್ತದೆ, ಬರದಂತೆ ಮಾಡಿದರೆ ನಿಜವಾದದ್ದೂ ತಪ್ಪಿಸಿಕೊಳ್ಳುತ್ತದೆ. ಆದರೆ ಅಂದು ಮಾಡಬೇಕಿದ್ದ ಒಂದು ಕೆಲಸ ಮಾಡಿರಲಿಲ್ಲ. ವರದಿ ತಡವಾಗುತ್ತದೆ, ತುರ್ತಿನವು ಯಾವುವು ಹೇಳಿ, ಅವನ್ನು ಇನ್ನೊಂದು ಯಂತ್ರದಲ್ಲಿ ಮಾಡಿಕೊಡುತ್ತೇವೆ ಎಂದು ವಾರ್ಡುಗಳಿಗೆ ಮೊದಲೇ ಫೋನು ಮಾಡಬೇಕಿತ್ತು. ಇದನ್ನು ಹೇಳುವಾಗ ಆಕೆಗೆ ತಾನು ಯಾವ ಸೋಲಿನ ಕಥೆ ಹೇಳುತ್ತಿದ್ದೇನೆ ಎಂಬುದೇ ಮರೆತುಹೋಗಿತ್ತು. ಸಿಬ್ಬಂದಿ ಅಧಿಕಾರಿಯ ಪೆನ್ನು ಓಡುತ್ತಿತ್ತು. ಧನ್ಯವಾದ, ತಿಳಿಸುತ್ತೇವೆ ಎಂದರು.

ಮೆಟ್ಟಿಲಿಳಿಯುವಾಗ ಕೆಟ್ಟಿತು ಎಂದುಕೊಂಡಳು. ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಅಷ್ಟೇನೂ ಕೆಟ್ಟಿಲ್ಲವೇನೋ ಎನ್ನಿಸಿತು. ಮನೆಯಲ್ಲಿ ಗಂಡ ಹೇಗಾಯಿತು ಎಂದಾಗ ಗೊತ್ತಿಲ್ಲ ಎಂದಳು, ಅದೊಂದೇ ಖಚಿತವಾದ ಮಾತಾಗಿತ್ತು.

ಮುಂದಿನ ವಾರ ಫೋನು ಬಂತು. ಆಯ್ಕೆಯಾಗಿದ್ದಳು. ನನ್ನ ಉತ್ತರದಲ್ಲಿ ಯಾವುದು ಸರಿಯಿತ್ತು ಎಂದು ಕೇಳಬೇಕೆಂದುಕೊಂಡವಳು ಧೈರ್ಯ ಸಾಲದೆ ಯಾವಾಗ ಸೇರಬೇಕೆಂದು ಮಾತ್ರ ಕೇಳಿದಳು.

ಸುದ್ದಿ ತಿಳಿದ ನಾದಿನಿ ಅಂದು ಸಂಜೆಯೇ ಹಾಜರಾದಳು. ಅಕ್ಷರ ಬಿಡದೆ ಹೇಳಿಸಿಕೊಂಡಳು. ಸೋಡಿಯಂ ಬಂದ ಕೂಡಲೇ ಅವಳ ಕಣ್ಣು ಅರಳಿತು.

"ಅದೇ ಅತ್ತಿಗೆ! ಕಲಿತದ್ದಕ್ಕೆ ಸಾಕ್ಷಿ ಅದು. ಬೈಸಿಕೊಂಡ್ರೂ ಬಿಡ್ಲಿಲ್ಲ ನೋಡಿ. ಇನ್ಮೇಲೆ ನಮ್ಮವರಿಗೆಲ್ಲ ಇದನ್ನೇ ಹೇಳಿಕೊಡ್ತೀನಿ. ಒಂದು ಸೋಲು, ಅದರ ಹಿಂದೆ ಒಂದು ಹುಸಿ ಎಚ್ಚರಿಕೆ."

"ಅವರಿಗೆ ಅಂಥದ್ದು ಆಗಿಲ್ದೇ ಇದ್ರೆ?"

"ಹುಡುಕಿದ್ರೆ ಎಲ್ಲರಿಗೂ ಸಿಗುತ್ತೆ."

ಸಿಗಬಹುದು, ಸಿಗದೆಯೂ ಇರಬಹುದು. ಒಬ್ಬಳು ಪಾಸಾದ ಮಾತ್ರಕ್ಕೆ ಯಾವ ಮಾತಿನಿಂದ ಪಾಸಾದಳು ಎಂದು ಹೇಳಲು ಬರುವುದಿಲ್ಲ ಎಂದು ಆಕೆಗೆ ಅನ್ನಿಸಿತು. ಬಂದವರಲ್ಲಿ ಉಳಿದವರೆಲ್ಲ ಇನ್ನೂ ಕೆಟ್ಟದಾಗಿ ಹೇಳಿರಬಹುದಲ್ಲ. ಆದರೆ ಅದನ್ನು ಆಡಲಿಲ್ಲ. ನಾದಿನಿಗೆ ಅಷ್ಟು ಖುಷಿಯಾಗಿತ್ತು.

ಮರುದಿನ ಪಾಳಿ ಬದಲಾಗುವ ಹೊತ್ತಿಗೆ ಗೂಬೆ ಅಭಿನಂದಿಸಿದ. ಆಕೆಗೆ ಒಳಗೆ ಏನೋ ಚುಚ್ಚುತ್ತಿತ್ತು.

"ಅಲ್ಲಿ ನಿನ್ನ ವಿಷಯ ಹೇಳ್ದೆ ಕಣೋ. ಹೆಸರು ಹೇಳ್ಲಿಲ್ಲ. ಪೆಟ್ಟಿಗೆ ತೆಗೆದವನು ಹೋಲಿಸಿ ನೋಡಿರ್ಲಿಲ್ಲ ಅಂದೆ."

"ನಿಜಾನೇ ತಾನೆ," ಎಂದು ಅವನು ಚೀಲದ ಜಿಪ್ಪು ಎಳೆದ. ಮುನಿಸಿರಲಿಲ್ಲ. "ಹೋಲಿಸೋದಕ್ಕೆ ಹಳೇದು ಒಂದು ಹನಿ ಉಳಿದಿರ್ಲಿಲ್ಲ ಮೇಡಂ. ಸಂಜೆಗೇ ಖಾಲಿಯಾಗಿತ್ತು. ತುರ್ತು ವಾರ್ಡಿಂದ ರಕ್ತ ಬರ್ತಾನೇ ಇತ್ತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಪೆಟ್ಟಿಗೆಗಳು ಮುಗಿಯುವ ಮೊದಲು ತರಿಸಿಡುವುದು, ಹೋಲಿಕೆಗೆಂದು ಹಳೆಯದರಲ್ಲಿ ಸ್ವಲ್ಪ ಎತ್ತಿಡುವುದು ಹಗಲು ಪಾಳಿಯ ಕೆಲಸ. ಆಕೆಯ ಕೆಲಸ. ಇಷ್ಟು ಕಾಲ ಕಾರಣಗಳನ್ನು ಬಿಡಿಸಿ ಬಿಡಿಸಿ ನೋಡಿದವಳು ಅವನೊಬ್ಬನನ್ನು ಮಾತ್ರ ಏನಾಯಿತೆಂದು ಕೇಳಿರಲಿಲ್ಲ. ಹಾಗಾದರೆ ಆ ಕೋಣೆಯಲ್ಲಿ ಹೇಳಿದ್ದು ಏನು? ಸುಳ್ಳಲ್ಲ. ನಿಜವೆನ್ನಲೂ ನಾಲಿಗೆ ಏಳಲಿಲ್ಲ. ಕಲಿತೆನೆಂದು ಕೆಲಸ ಕೊಟ್ಟವರಿಗೆ ಇದನ್ನೀಗ ಹೋಗಿ ಹೇಳುವುದೇ, ಬಿಡುವುದೇ?

ಅವನು ಬಾಗಿಲಿನ ಹತ್ತಿರ ಹೋಗಿದ್ದ. ಯಂತ್ರ ಅಂದಿನ ಕಂಟ್ರೋಲನ್ನು ಹೀರಿಕೊಂಡು ಗುನುಗುತ್ತಿತ್ತು, ಅಂಕಿ ಬರಲು ಇನ್ನೂ ಹೊತ್ತಿತ್ತು. ಆಕೆ ಎರಡು ಸ್ಟೂಲುಗಳನ್ನು ಎಳೆದಳು.

"ಬಸ್ಸಿಗೆ ಅವಸರ ಇಲ್ಲ ಅಂದ್ರೆ ಕೂತ್ಕೋ. ಆ ರಾತ್ರಿ ಏನೇನಾಯ್ತು, ಮೊದಲಿಂದ ಹೇಳು."

"ಈಗ್ಯಾಕೆ ಮೇಡಂ? ಕೆಲಸ ಸಿಕ್ಕಾಯ್ತಲ್ಲ."

ಆಕೆ ಒಂದು ಸ್ಟೂಲನ್ನು ಅವನತ್ತ ತಳ್ಳಿದಳು. ಅವನು ಕೂತ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸಂಜೆ ತಾನು ಒಳಗೆ ಬಂದಾಗ ಫ್ರಿಜ್ಜಿನ ಕೆಳಗಿನ ಖಾನೆ ಬರಿದಾಗಿದ್ದದ್ದರಿಂದ ಶುರು ಮಾಡಿದ. ಆಕೆ ನಡುವೆ ಬಾಯಿ ಹಾಕಲಿಲ್ಲ.